ಆಗಸ್ಟ್ 15 ಗೊತ್ತಿದ್ದರೆ ವರ್ಷವೇ ಗೊತ್ತು

ಸರ್ಕಾರ ಪ್ರತಿ ವರ್ಷ ಸಾರ್ವತ್ರಿಕ ರಜೆಗಳ ಪಟ್ಟಿ ಹೊರಡಿಸುತ್ತದೆ. ಅದು ಕೈಗೆ ಸಿಕ್ಕ ಕೂಡಲೇ ನೌಕರರು ಮೊದಲು ನೋಡುವುದು ಹಬ್ಬಗಳನ್ನಲ್ಲ, ಪಟ್ಟಿಯ ಕೆಳಗಿನ ಟಿಪ್ಪಣಿಯನ್ನು. ಭಾನುವಾರ ಬರುವುದರಿಂದ ಯಾವ ಯಾವ ರಜೆಗಳನ್ನು ಪಟ್ಟಿಯಲ್ಲಿ ಸೇರಿಸಿಲ್ಲ ಎಂಬುದು ಅಲ್ಲಿರುತ್ತದೆ. 2026ರಲ್ಲಿ ಆ ಪಾಳಿ ಕನ್ನಡ ರಾಜ್ಯೋತ್ಸವದ್ದು: ನವೆಂಬರ್ 1 ಭಾನುವಾರ. 2027ರಲ್ಲಿ ಸ್ವಾತಂತ್ರ್ಯೋತ್ಸವದ್ದು. ಇದನ್ನು ತಿಳಿಯಲು ಪಟ್ಟಿ ಬರುವವರೆಗೆ ಕಾಯಬೇಕಾಗಿಲ್ಲ, ಫೋನನ್ನೂ ತೆಗೆಯಬೇಕಾಗಿಲ್ಲ. ಏಳರ ಮಗ್ಗಿ ಬಂದರೆ ಸಾಕು.

ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅವು ತಿಥಿಯನ್ನು ನೆಚ್ಚಿಕೊಂಡ ಹಬ್ಬಗಳು, ಅವಕ್ಕೆ ಪಂಚಾಂಗವೇ ಬೇಕು. ಮಕರ ಸಂಕ್ರಾಂತಿ ತಾರೀಕಿಗೆ ಅಂಟಿಕೊಂಡಂತೆ ಕಂಡರೂ ಒಮ್ಮೆ ಜನವರಿ 14, ಇನ್ನೊಮ್ಮೆ 15 ಎಂದು ಜಾರುತ್ತದೆ. ನಮ್ಮ ಲೆಕ್ಕಕ್ಕೆ ಬರುವುದು ತಾರೀಕು ಕದಲದ ದಿನಗಳು ಮಾತ್ರ: ಗಣರಾಜ್ಯೋತ್ಸವ, ಅಂಬೇಡ್ಕರ್ ಜಯಂತಿ, ಕಾರ್ಮಿಕ ದಿನ, ಸ್ವಾತಂತ್ರ್ಯೋತ್ಸವ, ಗಾಂಧಿ ಜಯಂತಿ, ರಾಜ್ಯೋತ್ಸವ, ಕ್ರಿಸ್‌ಮಸ್.

ಎಲ್ಲದರ ಬುಡದಲ್ಲಿರುವುದು ಒಂದು ಸಣ್ಣ ಸಂಗತಿ. 365 ದಿನಗಳನ್ನು ವಾರಗಳಾಗಿ ಕಟ್ಟಿದರೆ 52 ವಾರ ಆಗಿ ಒಂದು ದಿನ ಉಳಿಯುತ್ತದೆ. ಆ ಒಂದು ದಿನದಿಂದಲೇ ಈ ವರ್ಷ ಶನಿವಾರ ಬಂದ ತಾರೀಕು ಮುಂದಿನ ವರ್ಷ ಭಾನುವಾರಕ್ಕೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಉಳಿಯುವುದು ಎರಡು ದಿನ, ಸರಿಯುವುದೂ ಎರಡು ದಿನ. 2026ರ ಆಗಸ್ಟ್ 15 ಶನಿವಾರ, 2027ರದ್ದು ಭಾನುವಾರ, 2028 ಅಧಿಕ ವರ್ಷವಾದ್ದರಿಂದ ಸೋಮವಾರವನ್ನು ಹಾರಿ ಮಂಗಳವಾರ. ಹೀಗೆ ಒಂದೊಂದೇ ವರ್ಷ ದಾಟುತ್ತ 2056ರವರೆಗೂ ಹೋಗಬಹುದು, ಆದರೆ ನಡುವೆ ಎಲ್ಲೋ ಲೆಕ್ಕ ತಪ್ಪುವುದು ಖಂಡಿತ. ಅದಕ್ಕೊಂದು ಅಡ್ಡದಾರಿ ಬೇಕು.

ದಾರಿ ತೋರಿಸಿದವರು ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೇ. ಅವರಿಗೂ ಮೊದಲು, 1887ರಲ್ಲಿ, ಆಲಿಸ್‌ಳ ಕಥೆ ಬರೆದ ಲೂಯಿಸ್ ಕ್ಯಾರೊಲ್ ‘ನೇಚರ್’ ಪತ್ರಿಕೆಯಲ್ಲಿ ಇಂಥದೇ ಮನಸ್ಸಿನ ಲೆಕ್ಕವೊಂದನ್ನು ಪ್ರಕಟಿಸಿದ್ದರು. 1970ರ ದಶಕದಲ್ಲಿ ಕಾನ್ವೇ ಅದನ್ನು ಇನ್ನಷ್ಟು ಸುಲಭ ಮಾಡಿದರು. ಅವರು ಗಮನಿಸಿದ್ದು ಇಷ್ಟು: ಪ್ರತಿ ವರ್ಷವೂ ಕೆಲವು ತಾರೀಕುಗಳು ತಪ್ಪದೆ ಒಂದೇ ವಾರಕ್ಕೆ ಬೀಳುತ್ತವೆ. ನಾಲ್ಕನೇ ತಿಂಗಳ 4, ಆರನೆಯದರ 6, ಎಂಟನೆಯದರ 8, ಹತ್ತರ 10, ಹನ್ನೆರಡರ 12 – ಇವೆಲ್ಲ ಯಾವ ವರ್ಷದಲ್ಲಿ ನೋಡಿದರೂ ಒಂದೇ ವಾರ. ಆ ವಾರವನ್ನು ಹಿಡಿದರೆ ವರ್ಷದ ಉಳಿದ ದಿನಗಳೆಲ್ಲ ಅದರಿಂದ ಮೂರು ಹೆಜ್ಜೆಯೊಳಗೆ ಸಿಗುತ್ತವೆ.

ಕಾನ್ವೇಗೆ ಹೊಳೆಯುವ ಕಾರಣವಿಲ್ಲದ, ನಮಗೆ ಮಾತ್ರ ಒದಗಿದ ಒಂದು ಅನುಕೂಲ ಇದರಲ್ಲಿದೆ. ಆಗಸ್ಟ್ 8ಕ್ಕೆ ಏಳು ಸೇರಿಸಿದರೆ ಆಗಸ್ಟ್ 15. ಅಂದರೆ ನಮ್ಮ ಸ್ವಾತಂತ್ರ್ಯೋತ್ಸವದ ವಾರವೇ ಇಡೀ ವರ್ಷದ ಬೀಗದ ಕೈ. ಅಲ್ಲಿಂದ ಸೆಪ್ಟೆಂಬರ್ 5ಕ್ಕೆ ಸರಿಯಾಗಿ 21 ದಿನ, ನವೆಂಬರ್ 14ಕ್ಕೆ ಸರಿಯಾಗಿ 91 ದಿನ. ಎರಡೂ ಏಳರ ಮಗ್ಗಿಯಲ್ಲಿವೆ. ಆದ್ದರಿಂದ ಸ್ವಾತಂತ್ರ್ಯೋತ್ಸವ, ಶಿಕ್ಷಕರ ದಿನ, ಮಕ್ಕಳ ದಿನ ಮೂರೂ ಪ್ರತಿ ವರ್ಷ ಒಂದೇ ವಾರ ಬರುತ್ತವೆ. ವರ್ಷವರ್ಷವೂ ಈ ಮೂರು ದಿನಗಳನ್ನು ಆಚರಿಸುವ ಶಾಲೆಗಳಲ್ಲೂ ಇದನ್ನು ಗಮನಿಸಿದವರು ಕಡಿಮೆ.

ಉಳಿದ ರಜೆಗಳು ಇದರ ಅಕ್ಕಪಕ್ಕದಲ್ಲೇ ಇವೆ. ಆಗಸ್ಟ್ 15ರಿಂದ ಅಕ್ಟೋಬರ್ 2ಕ್ಕೆ 48 ದಿನ; ಏಳು ವಾರಕ್ಕೆ ಒಂದು ದಿನ ಕಡಿಮೆ. ಹಾಗಾಗಿ ಗಾಂಧಿ ಜಯಂತಿ ಸ್ವಾತಂತ್ರ್ಯೋತ್ಸವದ ಹಿಂದಿನ ವಾರ. ಕ್ರಿಸ್‌ಮಸ್ಸಿಗೆ 132 ದಿನ. ಹತ್ತೊಂಬತ್ತು ವಾರಕ್ಕೆ ಒಂದು ಕಡಿಮೆ. ಅದೂ ಹಿಂದಿನ ವಾರವೇ. ಮೇ 1 ಕೂಡ ಹಾಗೆಯೇ. ಎಂದರೆ ಕಾರ್ಮಿಕ ದಿನ, ಗಾಂಧಿ ಜಯಂತಿ, ಕ್ರಿಸ್‌ಮಸ್ ಮೂರಕ್ಕೂ ಒಂದೇ ವಾರ, ಸ್ವಾತಂತ್ರ್ಯೋತ್ಸವದ ಹಿಂದಿನದು. ರಾಜ್ಯೋತ್ಸವಕ್ಕೆ 78 ದಿನ, ಹನ್ನೊಂದು ವಾರದ ಮೇಲೆ ಒಂದು. ಅದು ಮುಂದಿನ ವಾರ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಮಾತ್ರ ಸ್ವಲ್ಪ ದೂರ: ಆಗಸ್ಟ್ 15ರ ವಾರಕ್ಕೆ ಮೂರು ಸೇರಿಸಬೇಕು. ನಂಬಿಕೆ ಬರದಿದ್ದರೆ ಮುಷ್ಟಿ ಕಟ್ಟಿ, ಗೆಣ್ಣಿನ ಮೇಲೆ ಮೂವತ್ತೊಂದು, ಸಂದಿಯಲ್ಲಿ ಮೂವತ್ತು ಎಂದು ತಿಂಗಳುಗಳನ್ನು ಎಣಿಸಿ ಕೂಡಿ ನೋಡಿ.

2027ನ್ನು ತೆಗೆದುಕೊಳ್ಳೋಣ. ಆಗಸ್ಟ್ 15 ಭಾನುವಾರ. ಅಲ್ಲಿಗೆ ಮೇ 1, ಅಕ್ಟೋಬರ್ 2, ಡಿಸೆಂಬರ್ 25 ಮೂರೂ ಶನಿವಾರ. ರಾಜ್ಯೋತ್ಸವ ಸೋಮವಾರ, ಅಂಬೇಡ್ಕರ್ ಜಯಂತಿ ಬುಧವಾರ. ಬ್ಯಾಂಕಿನವರು ಇಲ್ಲಿ ಇನ್ನೂ ಒಂದು ಲೆಕ್ಕ ಹಾಕುತ್ತಾರೆ. ಅವರಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಹೇಗೂ ರಜೆ. 25ನೇ ತಾರೀಕು ಶನಿವಾರ ಬಂದರೆ ಅದು ನಾಲ್ಕನೆಯ ಶನಿವಾರವೇ, ಬೇರೆಯಾಗಲು ಸಾಧ್ಯವಿಲ್ಲ. ಹಾಗಾಗಿ ಆ ವರ್ಷದ ಕ್ರಿಸ್‌ಮಸ್ ರಜೆ ಇದ್ದ ರಜೆಯಲ್ಲೇ ಕರಗಿತು. ಆದರೆ ಮೇ 1 ಮತ್ತು ಅಕ್ಟೋಬರ್ 2 ಮೊದಲನೆಯ ಶನಿವಾರಗಳು. ಅವೆರಡು ಲಾಭ. ಜೊತೆಗೆ ಸೋಮವಾರದ ರಾಜ್ಯೋತ್ಸವ ಭಾನುವಾರದ ಬಾಲಕ್ಕೆ ಅಂಟಿಕೊಂಡಿದೆ. ಸ್ವಾತಂತ್ರ್ಯೋತ್ಸವವೊಂದು ಕೈತಪ್ಪಿದ್ದಕ್ಕೆ ಹೆಚ್ಚು ಕೊರಗಬೇಕಾಗಿಲ್ಲ.

ಇಷ್ಟರಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ದೂರದ ವರ್ಷವೊಂದರ ಆಗಸ್ಟ್ 15ರ ವಾರ ಗೊತ್ತಾಗುವುದು ಹೇಗೆ? ಇದಕ್ಕೆ ನೆನಪಿಡಬೇಕಾದದ್ದು ಒಂದೇ ಮಾತು: 2000ದ ಆಗಸ್ಟ್ 15 ಮಂಗಳವಾರ. ಅಲ್ಲಿಂದ ಕಳೆದ ಪ್ರತಿ ವರ್ಷಕ್ಕೆ ಒಂದು ದಿನ, ಪ್ರತಿ ಅಧಿಕ ವರ್ಷಕ್ಕೆ ಹೆಚ್ಚಿನ ಇನ್ನೊಂದು ದಿನ. ಇಸವಿಯ ಕೊನೆಯ ಎರಡು ಅಂಕಿಗಳೇ ಕಳೆದ ವರ್ಷಗಳ ಸಂಖ್ಯೆ. ಅದರ ಕಾಲು ಭಾಗ, ಭಿನ್ನರಾಶಿಯನ್ನು ಬಿಟ್ಟು, ಅಧಿಕ ವರ್ಷಗಳ ಸಂಖ್ಯೆ. ಎರಡನ್ನೂ ಕೂಡಿ ಏಳರಿಂದ ಭಾಗಿಸಿ, ಉಳಿದ ಶೇಷವನ್ನು ಮಂಗಳವಾರಕ್ಕೆ ಸೇರಿಸಿದರೆ ಆಯಿತು.

2047ರಲ್ಲಿ ಸ್ವಾತಂತ್ರ್ಯಕ್ಕೆ ನೂರು ವರ್ಷ. 47ರ ಕಾಲು ಭಾಗ ಹನ್ನೊಂದೂ ಮುಕ್ಕಾಲು. ಮುಕ್ಕಾಲನ್ನು ಬಿಡಿ, 11. 47 ಮತ್ತು 11 ಕೂಡಿದರೆ 58. ಏಳೆಂಟ್ಲಿ 56, ಶೇಷ 2. ಮಂಗಳವಾರದಿಂದ ಎರಡು ದಿನ ಮುಂದೆ, ಗುರುವಾರ. ಅಷ್ಟು ದೊಡ್ಡ ಸಂಖ್ಯೆ ಬೇಡ ಎನ್ನುವವರಿಗೆ ಇನ್ನೂ ಹಗುರಾದ ದಾರಿ ಇದೆ. 28 ವರ್ಷಕ್ಕೆ ಏಳು ಅಧಿಕ ವರ್ಷ ಸೇರಿ 35 ದಿನ ಸರಿಯುತ್ತದೆ. ಅದು ಐದು ಪೂರ್ತಿ ವಾರ, ಅಂದರೆ ಸರಿಯದೇ ಇದ್ದಂತೆ. ಆದ್ದರಿಂದ 28, 56, 84ನ್ನು ಮುಲಾಜಿಲ್ಲದೆ ಕಳೆದುಬಿಡಬಹುದು. 47ರಲ್ಲಿ 28 ಹೋದರೆ 19, ಅದರ ಕಾಲು ಭಾಗ 4, ಕೂಡಿದರೆ 23, ಏಳ್ಮೂರ್ಲಿ 21 ಕಳೆದು ಶೇಷ 2. ಅದೇ ಗುರುವಾರ.

ಈಗ ರಾಜ್ಯೋತ್ಸವದ ನೂರನೇ ವರ್ಷ. ಮೈಸೂರು, ಹೈದರಾಬಾದ್, ಮುಂಬೈ, ಮದ್ರಾಸ್, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆ 1956ರ ನವೆಂಬರ್ 1ರಂದು ಒಂದಾಯಿತು. ನೂರು ತುಂಬುವುದು 2056ಕ್ಕೆ. 56ನ್ನು ಪೂರ್ತಿ ಬಿಸಾಡಬಹುದು, ಶೇಷ ಸೊನ್ನೆ. ಆಗಸ್ಟ್ 15 ಮಂಗಳವಾರ, ಹಾಗಾದರೆ ನವೆಂಬರ್ 1 ಬುಧವಾರ. ಇನ್ನೂ ಹೊಂದಿಸದ ಸಮಾರಂಭದ ವಾರ ಇವತ್ತೇ ನಮ್ಮ ಕೈಯಲ್ಲಿದೆ.

ಉತ್ತರ ಸರಿಯೇ ಎಂದು ಪರೀಕ್ಷಿಸಲು ಕಳೆದ ಶತಮಾನಕ್ಕೆ ಹೋಗಬೇಕು. ಅಲ್ಲಿ ಲೆಕ್ಕ ಅದೇ, ಆರಂಭ ಮಾತ್ರ ಬೇರೆ: 1900ರ ಆಗಸ್ಟ್ 15 ಬುಧವಾರ. 1947ಕ್ಕೆ ಮತ್ತೆ 47, ಮತ್ತೆ ಶೇಷ 2. ಬುಧವಾರದಿಂದ ಎರಡು ದಿನ ಮುಂದೆ ಶುಕ್ರವಾರ. ದೇಶ ಸ್ವತಂತ್ರವಾದದ್ದು ಶುಕ್ರವಾರವೆಂದು ಚರಿತ್ರೆ ಓದಿದವರಿಗೆಲ್ಲ ಗೊತ್ತು. 1956ರ ನವೆಂಬರ್ 1 ಯಾವ ವಾರ? ಶೇಷ ಸೊನ್ನೆ, ಆಗಸ್ಟ್ 15 ಬುಧವಾರ, ನವೆಂಬರ್ 1 ಗುರುವಾರ. ಇಲ್ಲೊಂದು ಚಂದವಿದೆ. 1947ರ ಶುಕ್ರವಾರ 2047ಕ್ಕೆ ಗುರುವಾರ, 1956ರ ಗುರುವಾರ 2056ಕ್ಕೆ ಬುಧವಾರ. ನೂರು ವರ್ಷಕ್ಕೆ ಎರಡೂ ಒಂದು ದಿನ ಹಿಂದೆ ಬಂದಿವೆ. ಈ ನೂರು ವರ್ಷಗಳಲ್ಲಿ 25 ಅಧಿಕ ವರ್ಷಗಳಿವೆ, ಒಟ್ಟು 125 ದಿನದ ಸರಿತ. ಏಳರಿಂದ ಭಾಗಿಸಿದರೆ ಶೇಷ 6, ಎಂದರೆ ಒಂದು ದಿನ ಹಿಂದೆ. ನಿಮ್ಮ ಉತ್ತರ ಈ ನಡೆಗೆ ಹೊಂದದಿದ್ದರೆ ಎಲ್ಲೋ ಕೂಡುವುದು ತಪ್ಪಿದೆ ಎಂದೇ ಅರ್ಥ.

ಜನವರಿ 26ರ ವಿಚಾರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಲೆಕ್ಕ ಹಾಕುವವರಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಆಗಸ್ಟ್ 15ರಿಂದ ಡಿಸೆಂಬರಿನತ್ತ ಹೋದರೂ, ಹಿಂದೆ ಮಾರ್ಚಿನವರೆಗೆ ಬಂದರೂ ನಡುವೆ ಫೆಬ್ರವರಿ ಸಿಗುವುದಿಲ್ಲ; ಆದ್ದರಿಂದ ಆ ಅಂತರಗಳು ಯಾವ ವರ್ಷವೂ ಬದಲಾಗುವುದಿಲ್ಲ. ಜನವರಿಗೆ ಹೋಗುವಾಗ ಫೆಬ್ರವರಿಯನ್ನು ದಾಟಲೇಬೇಕು. ಸಾಮಾನ್ಯ ವರ್ಷದಲ್ಲಿ ಗಣರಾಜ್ಯೋತ್ಸವದ ವಾರ ಬೇಕಿದ್ದರೆ ಆಗಸ್ಟ್ 15ರ ವಾರಕ್ಕೆ ಎರಡು ಸೇರಿಸಿ. ಅಧಿಕ ವರ್ಷದಲ್ಲಿ ಒಂದೇ ಸೇರಿಸಿ. 2027ರ ಆಗಸ್ಟ್ 15 ಭಾನುವಾರ, ಜನವರಿ 26 ಮಂಗಳವಾರ. 2028ರ ಆಗಸ್ಟ್ 15 ಮಂಗಳವಾರ. ಅಧಿಕ ವರ್ಷ, ಒಂದೇ ಸೇರಿಸಬೇಕು, ಜನವರಿ 26 ಬುಧವಾರ. ಮರೆತು ಎರಡು ಸೇರಿಸಿದವರಿಗೆ ಗುರುವಾರ ಬರುತ್ತದೆ.

ಈ ತಪ್ಪನ್ನು ಹಿಡಿಯುವುದು ಕಷ್ಟವಲ್ಲ. 2027ರ ಜನವರಿಯಿಂದ 2028ರ ಜನವರಿಯವರೆಗೆ ಫೆಬ್ರವರಿ 29 ಬಂದೇ ಇಲ್ಲ. ಹಾಗಿರುವಾಗ ಮಂಗಳವಾರ ಒಂದೇ ದಿನ ಸರಿದು ಬುಧವಾರವಾಗಬೇಕೇ ಹೊರತು ಗುರುವಾರಕ್ಕೆ ಹಾರಲು ಕಾರಣವೇ ಇಲ್ಲ. ಜನವರಿಯ ತಾರೀಕುಗಳಿಗೆ ಆ ಹಾರಿಕೆ ಒಂದು ವರ್ಷ ತಡವಾಗಿ ಬರುತ್ತದೆ: 2028ರ ಗಣರಾಜ್ಯೋತ್ಸವ ಬುಧವಾರ, 2029ರದ್ದು ಶುಕ್ರವಾರ. ವರ್ಷದ ಗುರುತಾಗಿ ಜನವರಿ 1ನ್ನು ಬಿಟ್ಟು ಆಗಸ್ಟ್ 15ನ್ನು ಹಿಡಿಯುವುದರ ಲಾಭವೂ ಇದೇ. ಆಗಸ್ಟಿನ ಹೊತ್ತಿಗೆ ಆ ವರ್ಷದ ಫೆಬ್ರವರಿ ಕಳೆದಿರುತ್ತದೆ, ಆದ್ದರಿಂದ ಕಾಲು ಭಾಗದ ಲೆಕ್ಕದಲ್ಲಿ ಆ ವರ್ಷವನ್ನೂ ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಅನುಮಾನ ಹುಟ್ಟುವುದಿಲ್ಲ.

ಎರಡನೆಯ ತಪ್ಪು ಬೆರಳೆಣಿಕೆಯದು. ಮಂಗಳವಾರಕ್ಕೆ ಎರಡು ಸೇರಿಸಿ ಎಂದರೆ ಮೊದಲ ಬೆರಳು ಮಡಚುವಾಗ ಬುಧವಾರ ಎನ್ನಬೇಕು. ಸೂತಕದ ದಿನಗಳನ್ನೋ ಉತ್ಸವದ ದಿನಗಳನ್ನೋ ಎಣಿಸುವಾಗ ಆರಂಭದ ದಿನವನ್ನೂ ಸೇರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದೇ ರೂಢಿಯಲ್ಲಿ ಮಂಗಳವಾರವನ್ನೇ ಒಂದು ಎಂದು ಹಿಡಿದರೆ ಉತ್ತರ ಒಂದು ದಿನ ಹಿಂದೆ ಬೀಳುತ್ತದೆ.

ಒಂದು ದಿನದ ಇಂಥ ತಪ್ಪು ನಮ್ಮ ಹಳೆಯ ಜ್ಯೋತಿರ್ಗಣಿತದವರಿಗೂ ಪರಿಚಿತವೇ. ಕಲಿಯುಗದ ಆರಂಭದಿಂದ ಎಷ್ಟು ದಿನ ಕಳೆದವು ಎಂದು ಅವರು ಲೆಕ್ಕ ಹಾಕುತ್ತಿದ್ದರು. ಆ ಸಂಖ್ಯೆಗೆ ಅಹರ್ಗಣ ಎಂದು ಹೆಸರು. ಅದನ್ನು ಏಳರಿಂದ ಭಾಗಿಸಿ, ಶೇಷವನ್ನು ಕಲಿಯುಗ ಮೊದಲಾದ ಶುಕ್ರವಾರದಿಂದ ಎಣಿಸಿ ನೋಡುತ್ತಿದ್ದರು. ಬಂದ ವಾರ ನಿಜವಾದ ವಾರಕ್ಕೆ ಹೊಂದದಿದ್ದರೆ ಅಹರ್ಗಣಕ್ಕೆ ಒಂದು ಕೂಡಿಸಿ ಅಥವಾ ಕಳೆದು ಸರಿಮಾಡಿಕೊಳ್ಳುತ್ತಿದ್ದರು. ಲಕ್ಷಗಟ್ಟಲೆ ದಿನಗಳ ಎಣಿಕೆಗೆ ವಾರವೇ ಕಾವಲು. ಬೆಂಗಳೂರಿನ ಶಕುಂತಲಾ ದೇವಿಯವರು ವೇದಿಕೆಯ ಮೇಲೆ ನಿಂತು ಕಳೆದ ಶತಮಾನದ ಯಾವ ತಾರೀಕು ಕೊಟ್ಟರೂ ಥಟ್ಟನೆ ವಾರ ಹೇಳಿ ಜನರನ್ನು ಬೆರಗುಗೊಳಿಸುತ್ತಿದ್ದರು. ಅವರ ವೇಗ ನಮಗೆ ಬರುವುದಿಲ್ಲ, ಆದರೆ ಆ ಉತ್ತರಗಳನ್ನು ನಿಧಾನವಾಗಿಯಾದರೂ ನಾವೂ ಕಂಡುಕೊಳ್ಳಬಹುದು.

ಈ ಲೆಕ್ಕ ಗೊತ್ತಿದ್ದವರು ವಾಟ್ಸ್ಆ್ಯಪ್‌ನಲ್ಲಿ ಆಗಾಗ ತೇಲಿಬರುವ ಒಂದು ಸಂದೇಶಕ್ಕೆ ಬಲಿಯಾಗುವುದಿಲ್ಲ. ಈ ತಿಂಗಳಲ್ಲಿ ಐದು ಶುಕ್ರವಾರ, ಐದು ಶನಿವಾರ, ಐದು ಭಾನುವಾರ. 823 ವರ್ಷಕ್ಕೊಮ್ಮೆ ಬರುವ ಯೋಗ, ಹತ್ತು ಜನರಿಗೆ ಕಳಿಸಿ, ದುಡ್ಡು ಬರುತ್ತದೆ – ಹೀಗೆ. 31 ದಿನಗಳ ಯಾವುದೇ ತಿಂಗಳು ಶುಕ್ರವಾರ ಶುರುವಾದರೆ ಮೂರೂ ವಾರಗಳು ಐದೈದು ಸಲ ಬರಲೇಬೇಕು. ಮೇ ತಿಂಗಳನ್ನೇ ನೋಡಿ. ಮೇ 1 ಶುಕ್ರವಾರ ಬರಬೇಕಾದರೆ ಆಗಸ್ಟ್ 15 ಶನಿವಾರ ಬರಬೇಕು. ಅದು ಬಂದದ್ದು 2015ರಲ್ಲಿ, 2020ರಲ್ಲಿ, 2026ರಲ್ಲಿ. ಮುಂದೆ ಬರುವುದು 2037ರಲ್ಲಿ. ಮೇ ಒಂದರಲ್ಲೇ ಇಷ್ಟು ಸಲ. 823 ಎಂಬ ಸಂಖ್ಯೆಗೆ ತಲೆಬುಡವಿಲ್ಲ.

2026ರಿಂದ 2037ಕ್ಕೆ ಇಷ್ಟು ದೊಡ್ಡ ಅಂತರವೇಕೆಂದು ಕೇಳಬಹುದು. 2031ರ ಆಗಸ್ಟ್ 15 ಶುಕ್ರವಾರ. 2032 ಅಧಿಕ ವರ್ಷ, ಶನಿವಾರವನ್ನು ಹಾರಿ ಭಾನುವಾರಕ್ಕೆ ಹೋಗುತ್ತದೆ. ತಪ್ಪಿಸಿಕೊಂಡ ಶನಿವಾರ ಮತ್ತೆ ಸಿಗಲು ಇನ್ನೊಂದು ಸುತ್ತು ಬೇಕು. ಹೀಗಾಗಿಯೇ ಒಂದು ತಾರೀಕು ಅದೇ ವಾರಕ್ಕೆ ಮರಳುವುದು ಕೆಲವೊಮ್ಮೆ ಐದಾರು ವರ್ಷಕ್ಕೆ, ಕೆಲವೊಮ್ಮೆ ಹನ್ನೊಂದಕ್ಕೆ. ಇದರಿಂದ ಭಾನುವಾರದ ರಾಜ್ಯೋತ್ಸವ 2026 ಆದ ಮೇಲೆ ಮತ್ತೆ ಕಾಡುವುದು 2037ಕ್ಕೇ ಎಂಬ ಸಮಾಧಾನವೂ ಸಿಕ್ಕಿತು. 2015ರ ಗೋಡೆ ಕ್ಯಾಲೆಂಡರನ್ನು ಎತ್ತಿಟ್ಟುಕೊಂಡವರು ಅದನ್ನು 2026ಕ್ಕೂ ನೇತು ಹಾಕಬಹುದು; ತಾರೀಕು, ವಾರ ಎಲ್ಲ ಸರಿಯಾಗಿರುತ್ತದೆ. ಅದರಲ್ಲಿರುವ ಏಕಾದಶಿ, ಸಂಕಷ್ಟಿಗಳನ್ನು ಮಾತ್ರ ನಂಬಬೇಡಿ.

ಈ ಲೆಕ್ಕಕ್ಕೆ ಒಂದು ಗಡಿ ಇದೆ. ನಾಲ್ಕರಿಂದ ಭಾಗವಾದರೂ 2100 ಅಧಿಕ ವರ್ಷವಲ್ಲ, ಏಕೆಂದರೆ ಶತಮಾನದ ವರ್ಷಗಳು 400ರಿಂದ ಭಾಗವಾದರೆ ಮಾತ್ರ ಫೆಬ್ರವರಿ 29ನ್ನು ಪಡೆಯುತ್ತವೆ. 2000 ಪಡೆಯಿತು, 2100 ಪಡೆಯುವುದಿಲ್ಲ. ಆದ್ದರಿಂದ 28ನ್ನು ಕಳೆಯುವ ಉಪಾಯ 2099ಕ್ಕೆ ನಿಲ್ಲುತ್ತದೆ. ಮುಂದಿನ ಶತಮಾನದವರು ಮಂಗಳವಾರವನ್ನು ಬಿಟ್ಟು ಭಾನುವಾರದಿಂದ ಆರಂಭಿಸಬೇಕು, ಏಕೆಂದರೆ 2100ರ ಆಗಸ್ಟ್ 15 ಭಾನುವಾರ.

ನೀವು ಒಂದು ಸಲ ಕೈಯಾರೆ ಮಾಡಿ ನೋಡಬೇಕು. 2069ರ ಅಕ್ಟೋಬರ್ 2ಕ್ಕೆ ಗಾಂಧೀಜಿ ಹುಟ್ಟಿ ಇನ್ನೂರು ವರ್ಷ. 69ರಲ್ಲಿ 56 ಕಳೆದು ಮುಂದುವರಿಯಿರಿ. ನಿಮಗೆ ಬುಧವಾರ ಬಂದಿದ್ದರೆ ಲೆಕ್ಕ ಸರಿ. ಗುರುವಾರ ಬಂದಿದ್ದರೆ ಗಾಂಧಿ ಜಯಂತಿ ಆಗಸ್ಟ್ 15ರ ಹಿಂದಿನ ವಾರ ಎಂಬುದನ್ನು ಮರೆತಿದ್ದೀರಿ.